ಎಲ್ಲ ಶೇರಿಗೂ ಒಂದೇ ಸ್ಟಾಪ್‌ಲಾಸ್ ಬೇಡ: ಎಟಿಆರ್ ನೋಡಿ ಇಡುವುದು ಹೀಗೆ

"ಐದ್ ಪರ್ಸೆಂಟ್ ಸ್ಟಾಪ್ ಹಾಕಿದ್ದೆ ನೋಡ್ರಿ, ಹೊಡದ ಹೋತು. ಮರದಿನಾನೇ ಮತ್ತ ಮ್ಯಾಲ ಹೋತು." ಕಲಬುರಗಿಯಲ್ಲಿ ಶೇರು ವ್ಯವಹಾರ ಮಾಡುವ ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ. ಬೆಲೆ ಇಷ್ಟಕ್ಕೆ ಇಳಿದರೆ ಮಾರಿಬಿಡು ಅಂತ ಮೊದಲೇ ಹಾಕಿಡುವ ಆರ್ಡರ್ ಸ್ಟಾಪ್‌ಲಾಸ್. ದೋಷ ಅದರದಲ್ಲ. ಮೆಲ್ಲಗೆ ನಡೆಯುವ ಶೇರಿಗೂ ಕುಣಿಯುವ ಶೇರಿಗೂ ಒಂದೇ ಅಳತೆ ಹಾಕಿದ್ದೇ ತಪ್ಪು. ನೆಹರು ಗಂಜ್‌ನ ಅಡತಿ ಅಂಗಡಿಯವರು ತೊಗರಿ ರೇಟು ದಿನವೂ ಸ್ವಲ್ಪ ಆಡಿದ್ದಕ್ಕೆ ಗಾಬರಿಯಾಗಿ ಮಾಲು ಮಾರುವುದಿಲ್ಲ. ಎಷ್ಟು ಆಟ ಮಾಮೂಲು ಅನ್ನೋದು ಅವರಿಗೆ ಗೊತ್ತಿರುತ್ತದೆ. ಶೇರಿನ ಮಾಮೂಲು ಆಟ ಎಷ್ಟು ಅಂತ ಹೇಳುವುದೇ ಎಟಿಆರ್, ಅಂದರೆ ಆವರೇಜ್ ಟ್ರೂ ರೇಂಜ್. ವೆಲ್ಸ್ ವೈಲ್ಡರ್ ಎಂಬ ಅಮೆರಿಕನ್ 1978ರಲ್ಲಿ ಇದನ್ನು ಪ್ರಕಟಿಸಿದ.

ಮೊದಲು ಟ್ರೂ ರೇಂಜ್ ನೋಡೋಣ. ದಿನದ ಗರಿಷ್ಠ ಬೆಲೆಯಲ್ಲಿ ಕನಿಷ್ಠ ಕಳೆದರೆ ಸಾಲದು, ಯಾಕಂದ್ರೆ ರಾತ್ರಿ ಕಳೆದು ಬೆಳಿಗ್ಗೆ ಬೀಳುವ ಗ್ಯಾಪ್ ಅದರಲ್ಲಿ ಸಿಗುವುದಿಲ್ಲ. ನಿನ್ನೆ 400ಕ್ಕೆ ಮುಚ್ಚಿದ ಶೇರು ಇವತ್ತು 388ಕ್ಕೆ ತೆರೆಯಿತು, 392ರವರೆಗೆ ಏರಿತು, 384ರವರೆಗೆ ಇಳಿಯಿತು ಅಂದುಕೊಳ್ಳಿ. ದಿನದೊಳಗಿನ ಆಟ ಬರೀ 8 ರೂಪಾಯಿ. ಆದರೆ ಶೇರು ಕೈಯಲ್ಲಿಟ್ಟುಕೊಂಡವನ ಎದೆ ನಡುಗಿದ್ದು 400ರಿಂದ 384ಕ್ಕೆ, ಅಂದರೆ 16 ರೂಪಾಯಿಗೆ. ಅದಕ್ಕೇ ಮೂರು ಅಂತರಗಳಲ್ಲಿ ದೊಡ್ಡದನ್ನು ತೆಗೆದುಕೊಳ್ಳುತ್ತಾರೆ: ಇವತ್ತಿನ ಗರಿಷ್ಠ ಮತ್ತು ಕನಿಷ್ಠದ ನಡುವಿನದು, ನಿನ್ನೆಯ ಮುಕ್ತಾಯದಿಂದ ಇವತ್ತಿನ ಗರಿಷ್ಠಕ್ಕೆ ಇರುವುದು, ನಿನ್ನೆಯ ಮುಕ್ತಾಯದಿಂದ ಇವತ್ತಿನ ಕನಿಷ್ಠಕ್ಕೆ ಇರುವುದು. ಇಲ್ಲಿ ಟ್ರೂ ರೇಂಜ್ 16.

ಇದರ 14 ದಿನದ ಸರಾಸರಿಯೇ ಎಟಿಆರ್. ವೈಲ್ಡರ್‌ನ ಲೆಕ್ಕದಲ್ಲಿ ನಿನ್ನೆಯ ಎಟಿಆರ್ ಅನ್ನು 13ರಿಂದ ಗುಣಿಸಿ, ಇವತ್ತಿನ ಟ್ರೂ ರೇಂಜ್ ಕೂಡಿಸಿ, 14ರಿಂದ ಭಾಗಿಸಬೇಕು. ನಿನ್ನೆ 6 ಇದ್ದರೆ ಇವತ್ತು 94 ಭಾಗ 14, ಅಂದರೆ ಸುಮಾರು 6.7. ಕೈಯಲ್ಲಿ ಲೆಕ್ಕ ಹಾಕುವ ಕೆಲಸವಿಲ್ಲ. ಚಾರ್ಟಿನಲ್ಲಿ `ATR` ಹುಡುಕಿ, ಉದ್ದ 14 ಇಡಿ. ಒಂದನ್ನು ಮಾತ್ರ ಕಣ್ಣಿಟ್ಟು ನೋಡಿ: ಚಾರ್ಟ್ ದಿನದ್ದೇ ಇರಬೇಕು. ಐದು ನಿಮಿಷದ ಚಾರ್ಟಿನ ಎಟಿಆರ್ ತೆಗೆದುಕೊಂಡು, ತಿಂಗಳು ಇಟ್ಟುಕೊಳ್ಳುವ ಶೇರಿಗೆ ಸ್ಟಾಪ್ ಹಾಕುವವರನ್ನು ಎಷ್ಟೋ ಸಲ ನೋಡಿದ್ದೇನೆ. ಮಧ್ಯಾಹ್ನದೊಳಗೆ ಶೇರು ಕೈಬಿಟ್ಟಿರುತ್ತದೆ. ಇನ್ನು 'ಆಟೋ ಸ್ಟಾಪ್' ಅಂತ ಟೆಲಿಗ್ರಾಂನಲ್ಲಿ ದುಡ್ಡಿಗೆ ಮಾರುವ ಇಂಡಿಕೇಟರುಗಳು ಬೇಡವೇ ಬೇಡ. ಒಳಗೆ ಇರುವುದು ಹೆಚ್ಚಾಗಿ ಇದೇ ಎಟಿಆರ್, ಮೇಲೊಂದಿಷ್ಟು ಬಣ್ಣ.

ಈಗ ಜನ ಎಡವುವ ಜಾಗ: ಎಟಿಆರ್‌ನ ಎಷ್ಟು ಪಟ್ಟು ಕೆಳಗೆ ಸ್ಟಾಪ್ ಇಡಬೇಕು? ಎರಡು ಶೇರು ತೆಗೆದುಕೊಳ್ಳೋಣ, ಎರಡರ ಬೆಲೆಯೂ 400. ಮೊದಲನೆಯದರ ಎಟಿಆರ್ 6, ಎರಡನೆಯದರದ್ದು 18. ಐದು ಪರ್ಸೆಂಟ್ ಸ್ಟಾಪ್ ಅಂದರೆ ಎರಡಕ್ಕೂ 380. ಮೊದಲನೆಯದಕ್ಕೆ ಅದು ಮೂರು ಎಟಿಆರ್‌ಗಿಂತಲೂ ದೂರ. ಎರಡನೆಯದಕ್ಕೆ ಒಂದೇ ಎಟಿಆರ್‌ಗೆ ಹತ್ತಿರ, ಅಂದರೆ ಯಾವ ಕೆಟ್ಟ ಸುದ್ದಿಯೂ ಇಲ್ಲದ ದಿನ ಕೂಡ ಮುಟ್ಟಿಬಿಡಬಹುದು.

ಎಲ್ಲರೂ ಎರಡು ಪಟ್ಟು ಅನ್ನುತ್ತಾರೆ. ನಾನೂ ಅಲ್ಲಿಂದಲೇ ಶುರು ಮಾಡುತ್ತೇನೆ, ಆದರೆ ಚಾರ್ಟಿಗೆ ಕೇಳದೆ ನಿಲ್ಲಿಸುವುದಿಲ್ಲ. ಶೇರು ಏರುತ್ತಿದ್ದ ಹಿಂದಿನ ಕೆಲವು ತಿಂಗಳನ್ನು ತೆರೆಯಿರಿ. ಏರಿಕೆ ನಿಂತು, ಸ್ವಲ್ಪ ಇಳಿದು, ಮತ್ತೆ ಹೊಸ ಎತ್ತರಕ್ಕೆ ಹೋದ ಜಾಗಗಳನ್ನು ಗುರುತಿಸಿ. ಪ್ರತಿ ಸಲ ಅತಿ ಎತ್ತರದ ಮುಕ್ತಾಯದಿಂದ ಎಷ್ಟು ರೂಪಾಯಿ ಇಳಿದಿತ್ತು ಅಂತ ಅಳೆದು, ಆಗಿನ ಎಟಿಆರ್‌ನಿಂದ ಭಾಗಿಸಿ. ಎರಡನೆಯ ಶೇರಿನಲ್ಲಿ ದೊಡ್ಡ ಇಳಿತ 41 ರೂಪಾಯಿ, ಆಗ ಎಟಿಆರ್ 18 ಇತ್ತು ಅಂದರೆ 2.3 ಪಟ್ಟು. ಎರಡು ಪಟ್ಟಿನ ಸ್ಟಾಪ್ ಇಟ್ಟಿದ್ದರೆ ಹೊರಗೆ ಬಿದ್ದಿರುತ್ತಿದ್ದಿರಿ, ಶೇರು ಮಾತ್ರ ಮೇಲೆ ಹೋಗಿರುತ್ತಿತ್ತು. ಅದಕ್ಕೆ ಇದಕ್ಕೆ ಎರಡೂವರೆ ಪಟ್ಟು, 45 ರೂಪಾಯಿ: ಸ್ಟಾಪ್ 355. ಮೊದಲನೆಯ ಶೇರು ಇಂಥ ಇಳಿತಗಳಲ್ಲಿ 11 ರೂಪಾಯಿ ದಾಟಿಲ್ಲದಿದ್ದರೆ ಎರಡೇ ಸಾಕು: ಸ್ಟಾಪ್ 388. ಹಿಂದಿನ ಇಳಿತಕ್ಕೆ ತೀರಾ ಅಂಟಿಸಿ 2.31 ಅಂತೆಲ್ಲ ಇಡಬೇಡಿ, ಅರ್ಧದ ಲೆಕ್ಕದಲ್ಲಿ ಮೇಲಕ್ಕೆ ತೆಗೆದುಕೊಳ್ಳಿ. ಮೂರು ಪಟ್ಟೂ ಸಾಲದ ಶೇರನ್ನು ನಾನು ಮುಟ್ಟುವುದಿಲ್ಲ.

"ಅಯ್ಯೋ, 45 ರೂಪಾಯಿ ಹೋಗ್ತದಲ್ರೀ!" ಅನ್ನುತ್ತೀರಿ. ಹೋಗಲಿ, ಶೇರಿನ ಸಂಖ್ಯೆ ಇಳಿಸಿ. ಒಂದು ಸಲಕ್ಕೆ 2,000 ರೂಪಾಯಿಗಿಂತ ಜಾಸ್ತಿ ಕಳೆದುಕೊಳ್ಳಬಾರದು ಅಂತಿದ್ದರೆ, ಅದನ್ನು 12ರಿಂದ ಭಾಗಿಸಿ ಮೊದಲನೆಯದರ 166 ಶೇರು ಕೊಳ್ಳಬಹುದು, 45ರಿಂದ ಭಾಗಿಸಿ ಎರಡನೆಯದರ 44 ಮಾತ್ರ. ಎರಡರಲ್ಲೂ ನಷ್ಟ ಹೆಚ್ಚುಕಮ್ಮಿ ಅಷ್ಟೇ. ಸ್ಟಾಪ್ ದೂರ ಮಾಡಿ ಸಂಖ್ಯೆ ಹಾಗೇ ಇಟ್ಟರೆ ಎಟಿಆರ್ ನೋಡಿದ್ದೇ ದಂಡ.

ಆರ್ಡರ್ ಹಾಕುವಾಗ 355ರ ಬದಲು 354.60 ಇಡಿ. ದುಂಡು ಸಂಖ್ಯೆಗಳಲ್ಲಿ ತುಂಬಾ ಜನರ ಸ್ಟಾಪ್ ಕೂತಿರುತ್ತದೆ. ಮಾಮೂಲು ಸ್ಟಾಪ್‌ಲಾಸ್ ಆರ್ಡರ್ ಆ ದಿನಕ್ಕೆ ಮಾತ್ರ, ಮರುದಿನ ಮತ್ತೆ ಹಾಕಬೇಕು. ದಿನಗಟ್ಟಲೆ ಇಡುವುದಕ್ಕೆ ಜಿಟಿಟಿ, ಅಂದರೆ ಹೇಳಿದ ಬೆಲೆ ಮುಟ್ಟುವವರೆಗೆ ಕಾಯುವ ಗುಡ್ ಟಿಲ್ ಟ್ರಿಗರ್ಡ್ ಆರ್ಡರ್, ಒಳ್ಳೆಯದು. ಅದರಲ್ಲಿ ಆರ್ಡರ್ ಎಬ್ಬಿಸುವ ಟ್ರಿಗರ್ ಬೆಲೆ, ಅದಕ್ಕಿಂತ ಕಡಿಮೆಗೆ ಮಾರಬೇಡ ಅನ್ನುವ ಲಿಮಿಟ್ ಬೆಲೆ ಅಂತ ಎರಡಿರುತ್ತವೆ. ಎರಡನ್ನೂ ಒಂದೇ ಮಾಡಬೇಡಿ; ಲಿಮಿಟ್ ಅನ್ನು ಎಟಿಆರ್‌ನ ಸುಮಾರು ಮೂರನೇ ಒಂದು ಭಾಗದಷ್ಟು ಕೆಳಗೆ, 348ಕ್ಕೆ ಇಡಿ. ಹಾಗಂತ 348ಕ್ಕೇ ಮಾರಾಟವಾಗುತ್ತದೆ ಅಂತಲ್ಲ, ಅದಕ್ಕಿಂತ ಒಳ್ಳೆಯ ಬೆಲೆ ಇದ್ದರೆ ಅದೇ ಸಿಗುತ್ತದೆ. ಶೇರು ಬೆಳಿಗ್ಗೆ 340ಕ್ಕೇ ತೆರೆದರೆ ಮಾತ್ರ ಆರ್ಡರ್ ಸುಮ್ನೆ ಕೂತಿರುತ್ತದೆ. ಆಗ ಕಾಯದೆ ನೀವೇ ಮಾರಿ. 44 ಶೇರಿಗೆ 60 ರೂಪಾಯಿಯಂತೆ 2,640 ಹೋಗುತ್ತದೆ. ಎಟಿಆರ್‌ಗೆ ಗ್ಯಾಪ್ ತಡೆಯುವ ಶಕ್ತಿ ಇಲ್ಲ. ಕಂಪನಿಯ ರಿಸಲ್ಟ್ ಯಾವತ್ತು ಅನ್ನೋದೂ ಅದಕ್ಕೆ ಗೊತ್ತಿಲ್ಲ.

ಇನ್ನೊಂದು ಎಡವಟ್ಟು. ಡಿಮ್ಯಾಟ್‌ನಲ್ಲಿರುವ ಶೇರು ಮಾರಲು ಟಿಪಿನ್ ಅನ್ನುವ ಗುಪ್ತ ಸಂಖ್ಯೆ ಹಾಕಿ ಒಪ್ಪಿಗೆ ಕೊಡಬೇಕು, ಇಲ್ಲವೇ ಬ್ರೋಕರ್‌ಗೆ ಮೊದಲೇ ಒಪ್ಪಿಗೆ ಕೊಡುವ ಡಿಡಿಪಿಐ ಪತ್ರಕ್ಕೆ ಸಹಿ ಮಾಡಿಕೊಟ್ಟಿರಬೇಕು. ಎರಡೂ ಇಲ್ಲದಿದ್ದರೆ ಜಿಟಿಟಿ ಟ್ರಿಗರ್ ಆದರೂ ಮಾರಾಟದ ಆರ್ಡರ್ ರಿಜೆಕ್ಟ್ ಆಗಬಹುದು. ಡಿಡಿಪಿಐ ಮೊದಲೇ ಮುಗಿಸಿಕೊಳ್ಳಿ.

ಶೇರು ಏರಿದಂತೆ ಸ್ಟಾಪ್ ಏರಿಸುವುದು ಸುಲಭ. ಕೊಂಡ ಮೇಲಿನ ಅತಿ ಎತ್ತರದ ಮುಕ್ತಾಯ 450, ಎಟಿಆರ್ 20 ಆಗಿದ್ದರೆ ಎರಡೂವರೆ ಪಟ್ಟು ಅಂದರೆ 50 ಕಳೆದು 400ಕ್ಕೆ ತನ್ನಿ. ಆಮೇಲೆ ಮಾರುಕಟ್ಟೆ ಗಡಿಬಿಡಿಯಾಗಿ ಎಟಿಆರ್ 26ಕ್ಕೆ ಹೋದರೆ ಲೆಕ್ಕ 385 ಅನ್ನುತ್ತದೆ. ಕೇಳಬೇಡಿ, 400 ಬಿಟ್ಟು ಕೆಳಗಿಳಿಯಬೇಡಿ.

ಈ ಲೆಕ್ಕ ನಡೆಯದ ಜಾಗವೂ ಇದೆ. ದಿನಕ್ಕೆ 5 ಪರ್ಸೆಂಟ್ ಸರ್ಕಿಟ್ ಇರುವ ಚಿಲ್ಲರೆ ಶೇರುಗಳಲ್ಲಿ ಬೆಲೆ ಅದಕ್ಕಿಂತ ಜಾಸ್ತಿ ಆಡಲು ಬಿಡುವುದೇ ಇಲ್ಲ, ಹಾಗಾಗಿ ಎಟಿಆರ್ ನಿಜಕ್ಕಿಂತ ಸಣ್ಣದಾಗಿ ಕಾಣುತ್ತದೆ. ಲೋವರ್ ಸರ್ಕಿಟ್ ಬಿದ್ದ ದಿನ ಕೊಳ್ಳುವವರೇ ಸಿಗದೆ ಸ್ಟಾಪ್ ಇದ್ದೂ ಇಲ್ಲದಂತೆ. ಇನ್ನು ಬೋನಸ್, ಸ್ಪ್ಲಿಟ್ ಬಂದಾಗ ಹಳೆಯ ಜಿಟಿಟಿ ತೆಗೆದುಹಾಕಿ ಹೊಸದು ಹಾಕಿ. ಒಂದಕ್ಕೊಂದು ಬೋನಸ್ ಆದರೆ 400ರ ಶೇರು 200ರ ಹತ್ತಿರ ಬರುತ್ತದೆ, ಸರಿಪಡಿಸಿದ ಚಾರ್ಟಿನಲ್ಲಿ ಎಟಿಆರ್ 18 ಇದ್ದದ್ದು 9 ಅಂತ ತೋರಿಸುತ್ತದೆ, ಸ್ಟಾಪ್ 355 ಇದ್ದದ್ದು 177.50 ಆಗಬೇಕು, ಶೇರು 44ರ ಜಾಗದಲ್ಲಿ 88 ಅಂತ ಬರೆಯಬೇಕು.