ಕೈ ಚಾಚಬೇಕೋ, ಮುಗಿಯಬೇಕೋ: ಜಗಲಿಯಲ್ಲಿ ಕಲಿತ ಲೆಕ್ಕ

ಶಿರಸಿಯ ಸುತ್ತಮುತ್ತ ಮನೆ ಮನೆ ತಿರುಗಿ ವಿಮೆ ಮಾಡಿಸುವುದು ನನ್ನ ಕಸುಬು. ನಮ್ಮ ಅಧಿಕಾರಿಗಳದು ಒಂದೇ ಪಾಠ: ಮೊದಲು ಗಟ್ಟಿಯಾಗಿ ಕೈಕುಲುಕಿ, ಆಮೇಲೆ ಪಾಲಿಸಿಯ ಮಾತು. ಹಿರಿಯ ಏಜೆಂಟರದು ಇನ್ನೊಂದು: ಎಲ್ಲರಿಗೂ ಕೈಮುಗಿದುಬಿಡು, ಗೊಡವೆಯೇ ಇಲ್ಲ. ಎರಡನ್ನೂ ವರ್ಷಗಟ್ಟಲೆ ಮಾಡಿ ನೋಡಿದ್ದೇನೆ. ಮೊದಲನೆಯದು ಹಳ್ಳಿಮನೆಗಳಲ್ಲಿ ಕೈಕೊಟ್ಟಿತು. ಮಡಿಯಲ್ಲಿದ್ದವರು ಹಿಂದೆ ಸರಿದ ಮೇಲೆ ಪಾಲಿಸಿಯ ಮಾತು ಎತ್ತುವುದು ಕಷ್ಟ. ಎರಡನೆಯದು ಪೇಟೆಯಲ್ಲಿ ಕೈಕೊಟ್ಟಿತು. ಗುತ್ತಿಗೆದಾರರೊಬ್ಬರು ಚಾಚಿದ ಕೈ ಹಾಗೆಯೇ ಉಳಿಯಿತು, ನಾನು ಆಗಲೇ ಕೈಮುಗಿದಾಗಿತ್ತು. ವರ್ಷಕ್ಕೆ ಮೂವತ್ತು ಸಾವಿರದ ಆಸುಪಾಸಿನ ಕಂತು, ನನ್ನ ಪಾಲಿಗೆ ಮೊದಲ ವರ್ಷದ ಕಮಿಷನ್ ಏಳೆಂಟು ಸಾವಿರ. ಆ ಪಾಲಿಸಿ ಕೈತಪ್ಪಿದ್ದಕ್ಕೆ ಅದೊಂದೇ ಕಾರಣವೆಂದು ಹೇಳಲಾರೆ, ಆದರೆ ಅವರು ಆಮೇಲೆ ಕುರ್ಚಿಯನ್ನೂ ತೋರಿಸಲಿಲ್ಲ.

ಗಂಡಸರಿಗೆ ಕೈ, ಹೆಂಗಸರಿಗೆ ನಮಸ್ಕಾರ ಎಂಬ ಮೂರನೆಯ ಸೂತ್ರವೂ ನಿಲ್ಲಲಿಲ್ಲ. ಶಾಲೆ, ಬ್ಯಾಂಕುಗಳಲ್ಲಿ ಎಷ್ಟೋ ಮಹಿಳೆಯರು ತಾವೇ ಕೈ ಚಾಚುತ್ತಾರೆ. ವಯಸ್ಸು, ಉಡುಪು, ಜಾತಿ ನೋಡಿ ಹಾಕಿದ ಲೆಕ್ಕವೆಲ್ಲ ಹೀಗೆಯೇ ತಪ್ಪುತ್ತದೆ.

ಈಗ ನಾನು ನೋಡುವುದು ಎರಡೇ: ಎದುರಿನವರ ಬಲಗೈ ಮತ್ತು ಅವರ ಕೊನೆಯ ಹೆಜ್ಜೆ. ಫೈಲು, ಹೆಲ್ಮೆಟ್ ಎರಡೂ ನನ್ನ ಎಡಗೈಯಲ್ಲಿರುತ್ತವೆ. ಸುಮಾರು ನಾಲ್ಕು ಅಡಿ ದೂರದಲ್ಲಿ ನಿಂತುಬಿಡುತ್ತೇನೆ. ಅಲ್ಲಿಂದ ಕೈಕುಲುಕಬೇಕೆಂದರೆ ಅವರೇ ಒಂದು ಹೆಜ್ಜೆ ಮುಂದೆ ಬರಬೇಕು; ಕೈಮುಗಿಯುವುದಕ್ಕೆ ಬರಬೇಕಾಗಿಲ್ಲ. ಕೈಕುಲುಕುವವರು ಬಲಗೈಯಲ್ಲಿರುವ ಮೊಬೈಲನ್ನು ಮೊದಲೇ ಎಡಗೈಗೆ ದಾಟಿಸುತ್ತಾರೆ, ಇಲ್ಲವೇ ಅಂಗೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಾರೆ, ಮೊಣಕೈ ಪಕ್ಕೆಯಿಂದ ಬಿಡುತ್ತದೆ. ಕೈಮುಗಿಯುವವರು ನಿಂತಲ್ಲೇ ನಿಂತು ಹೆಗಲ ಮೇಲಿನ ವಸ್ತ್ರ ಸರಿಪಡಿಸಿಕೊಳ್ಳುತ್ತಾರೆ, ತಲೆ ಮೊದಲು ಬಾಗುತ್ತದೆ. ಈ ಅರೆಗಳಿಗೆ ಸುಮ್ಮನೆ ನಗುತ್ತಾ ನಿಲ್ಲುವುದಷ್ಟೇ ನನ್ನ ಕೆಲಸ. ‘ನಿಂತು ನೋಡುತ್ತಾ ಇದ್ದರೆ ಸೊಕ್ಕು ಎನ್ನುತ್ತಾರೆ’ ಎಂದು ಜೊತೆಯವರು ಹೆದರಿಸಿದ್ದರು. ನಗು ಮುಖದ ಮೇಲಿದ್ದರೆ ಯಾರೂ ಹಾಗೆ ಎನ್ನುವುದಿಲ್ಲ. ಹತ್ತರಲ್ಲಿ ಎಂಟು ಸಲವಾದರೂ ಲೆಕ್ಕ ಸರಿಬರುತ್ತದೆ.

ಹೋದ ಅಡಿಕೆ ಸುಲಿಯುವ ಕಾಲದಲ್ಲಿ ಒಂದು ತೋಟದ ಮನೆಗೆ ಹೋಗಿದ್ದೆ. ಒಂದೇ ಜಗಲಿಯಲ್ಲಿ ನಾಲ್ವರು. ಯಜಮಾನರು ಅಡಿಕೆಯ ಕಪ್ಪು ಹತ್ತಿದ ಕೈಯನ್ನೊಮ್ಮೆ ನೋಡಿಕೊಂಡು, ಮುಷ್ಟಿ ಮಡಚಿ ಮಣಿಕಟ್ಟು ಮುಂದೆ ಮಾಡಿದರು. ಗ್ಯಾರೇಜಿನ ಮೆಕ್ಯಾನಿಕ್‌ಗಳೂ ಹೀಗೆಯೇ ಮಾಡುತ್ತಾರೆ. ಅದನ್ನು ಬಿಟ್ಟು ಕೈಮುಗಿದರೆ ಕೆಲಸದ ಕೈಯನ್ನು ಕಂಡು ಹೇಸಿದಂತಾಗುತ್ತದೆ; ಮಣಿಕಟ್ಟನ್ನೇ ಹಿಡಿದು ಮಾತನಾಡಿಸಿದೆ. ಅವರ ತಾಯಿ ಒದ್ದೆ ಸೀರೆಯಲ್ಲಿ ದೇವರ ಕೋಣೆಯತ್ತ ಹೊರಟಿದ್ದರು, ಕೈಯಲ್ಲಿ ಹೂವಿನ ಬುಟ್ಟಿ. ಅಲ್ಲಿ ದಾರಿಬಿಟ್ಟು ನಗುವುದಷ್ಟೇ. ಕೈಮುಗಿದರೆ ಬುಟ್ಟಿ ಹಿಡಿದ ಕೈಯಲ್ಲಿ ಅವರು ಏನು ಮಾಡಬೇಕು? ಯಜಮಾನರ ಹೆಂಡತಿ ಬಾಗಿಲ ಚೌಕಟ್ಟಿನಲ್ಲೇ ನಿಂತು ‘ಆಸರಿಗೆ ಏನು ಕೊಡಲಿ?’ ಎಂದರು, ಅವರಿಗೆ ನಮಸ್ಕಾರ. ಬೆಂಗಳೂರಿನಿಂದ ಬಂದಿದ್ದ ಸೊಸೆ ಲ್ಯಾಪ್‌ಟಾಪ್ ಪಕ್ಕಕ್ಕಿಟ್ಟು ಎದ್ದು ಒಂದು ಹೆಜ್ಜೆ ಮುಂದೆ ಬಂದರು, ಮೊಣಕೈ ಎದ್ದಿತ್ತು. ಹಗುರವಾಗಿ ಕೈಕುಲುಕಿದೆ. ಆ ವರ್ಷದ ನನ್ನ ದೊಡ್ಡ ಪಾಲಿಸಿ ಅವರದೇ. ಹಿಂದಿನ ವರ್ಷ ಅದೇ ಮನೆಯಿಂದ ಬರಿಗೈಯಲ್ಲಿ ಮರಳಿದ್ದ ಏಜೆಂಟರು ಈಗಲೂ ಇದನ್ನು ಅದೃಷ್ಟ ಎನ್ನುತ್ತಾರೆ. ಎನ್ನಲಿ.

ಮುಸ್ಲಿಂ ಮನೆಗಳಲ್ಲಿ ಗಂಡಸರು ಬಹಳ ಸಲ ಎರಡೂ ಕೈ ಸೇರಿಸಿ ಕೈಹಿಡಿಯುತ್ತಾರೆ, ಆಗ ಫೈಲು ಕಂಕುಳಿಗೆ ಹೋಗಬೇಕು. ಹೆಂಗಸರು ಬಾಗಿಲ ಬಳಿ ಬಂದರೆ ಬಲಗೈಯನ್ನು ಎದೆಯ ಮೇಲಿಟ್ಟು ತಲೆ ಬಾಗಿಸುತ್ತೇನೆ. ಇದನ್ನೇ ಬೇರೆ ಕಡೆಯೂ ಪ್ರಯೋಗ ಮಾಡಿ ನೋಡಿದೆ. ಊಟಕ್ಕೆ ಕುಳಿತು ಎಂಜಲು ಕೈಯಲ್ಲಿದ್ದವರ ಎದುರು, ಮಗುವನ್ನು ಎತ್ತಿಕೊಂಡವರ ಎದುರು ಚೆನ್ನಾಗಿ ನಡೆಯಿತು. ಸರ್ಕಾರಿ ಕಚೇರಿಯಲ್ಲಿ ಮಾತ್ರ ನಾಟಕದಂತೆ ಕಂಡಿತು, ಬಿಟ್ಟೆ.

ಸಾವಿನ ಕ್ಲೇಮಿಗೆ ಸೂತಕದ ಮನೆಗೆ ಹೋಗುವಾಗ ಈ ಲೆಕ್ಕ ಯಾವುದೂ ಇಲ್ಲ. ಕೈಯೂ ಇಲ್ಲ, ನಮಸ್ಕಾರವೂ ಇಲ್ಲ, ನಗುವಂತೂ ಇಲ್ಲವೇ ಇಲ್ಲ. ತಲೆ ತಗ್ಗಿಸಿ, ತೋರಿಸಿದಲ್ಲಿ ಕೂರುವುದು. ಹೊರಡುವಾಗ ‘ಬರುತ್ತೇನೆ’ ಎನ್ನದೆ ಏಳುವುದು.

ಮದುವೆ ಮಂಟಪದಲ್ಲಿ ನನ್ನ ವಿಧಾನ ಸೋಲುತ್ತದೆ. ನೂಕುನುಗ್ಗಲಿನಲ್ಲಿ ನಾಲ್ಕು ಅಡಿ ಎಲ್ಲಿ ಸಿಗಬೇಕು? ಅಂಗಳದಲ್ಲಿ ಬಿಟ್ಟ ಚಪ್ಪಲಿ ನೋಡಿ ಒಳಗೆ ಯಾರಿದ್ದಾರೆಂದು ಅಂದಾಜು ಮಾಡುವ ಉಪಾಯವೂ ಒಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನಮ್ಮ ಬೀದಿಯಲ್ಲೇ ಇನ್ನೂ ಮೂವರು ಏಜೆಂಟರಿದ್ದಾರೆ.