ಬಾಂಡ್ ಕೊಳ್ಳುವ ಮುನ್ನ ಈ ಒಂದು ಲೆಕ್ಕ ಹಾಕಿ
ತುಮಕೂರಿನ ನಿವೃತ್ತರ ಗುಂಪಿಗೆ: ಮುಖಬೆಲೆಗಿಂತ ಹೆಚ್ಚು ಕೊಟ್ಟು ಬಾಂಡ್ ಕೊಳ್ಳುವುದಾದರೆ, ಹೆಚ್ಚುವರಿ ಹಣವನ್ನು ಉಳಿದ ವರ್ಷಗಳಿಂದ ಭಾಗಿಸಿ ವಾರ್ಷಿಕ ಬಡ್ಡಿಯಿಂದ ಕಳೆಯಿರಿ; ಉಳಿದದ್ದನ್ನು ಬೆಲೆ ಮತ್ತು ಮುಖಬೆಲೆಗಳ ಸರಾಸರಿಯಿಂದ ಭಾಗಿಸಿ. ಅವಧಿ ಮುಗಿಯುವವರೆಗೆ ಇಟ್ಟುಕೊಂಡರೆ ವರ್ಷಕ್ಕೆ ಸಿಗುವ ನಿಜವಾದ ಲಾಭದ ಅಂದಾಜು ಅದೇ. ಸಾವಿರ ರೂಪಾಯಿ ಮುಖಬೆಲೆಯ, ಶೇ 9ರ ಬಾಂಡ್ 1,080ಕ್ಕೆ ಸಿಗುತ್ತಿದೆ, ಐದು ವರ್ಷ ಬಾಕಿ ಇದೆ ಎನ್ನಿ. ಮಾರುವವರು ದೊಡ್ಡಕ್ಷರದಲ್ಲಿ ತೋರಿಸುವ ಕರೆಂಟ್ ಯೀಲ್ಡ್ 90 ಭಾಗಿಸು 1,080, ಅಂದರೆ ಶೇ 8.33. ಆದರೆ ಕೊನೆಗೆ ಕೈಗೆ ಬರುವುದು ಸಾವಿರವೇ. ಆ 80 ರೂಪಾಯಿ ವರ್ಷಕ್ಕೆ 16ರಂತೆ ಕರಗುತ್ತದೆ. ಕರೆಂಟ್ ಯೀಲ್ಡ್ ಇದನ್ನು ನೋಡುವುದೇ ಇಲ್ಲ. 90ರಲ್ಲಿ 16 ಕಳೆದು ಉಳಿದ 74ನ್ನು 1,040ರಿಂದ ಭಾಗಿಸಿದರೆ ಸುಮಾರು ಶೇ 7.1; ಈ ಲಾಭದ ನಿಖರ ಲೆಕ್ಕ, ಅಂದರೆ ಯೀಲ್ಡ್ ಟು ಮೆಚ್ಯೂರಿಟಿ, 7.05ರ ಆಸುಪಾಸು. ಮುಖಬೆಲೆಗಿಂತ ಕಡಿಮೆಗೆ ಸಿಕ್ಕರೆ ಕಳೆಯುವ ಬದಲು ಕೂಡಿಸಿ. ಆಗ ಕರೆಂಟ್ ಯೀಲ್ಡೇ ಕಡಿಮೆ ತೋರಿಸುತ್ತದೆ. ಕೊಳ್ಳುವ ದಿನದವರೆಗೆ ಕೂಡಿ ಬೆಲೆಯಲ್ಲಿ ಸೇರಿದ ಬಾಕಿ ಬಡ್ಡಿಯನ್ನು ಮೊದಲೇ ತೆಗೆದುಬಿಡಿ. ಇಪ್ಪತ್ತು, ಮೂವತ್ತು ವರ್ಷದ ಬಾಂಡಿಗೆ ಈ ಅಂದಾಜು ಒರಟಾಗುತ್ತದೆ. ಅವಧಿಗೆ ಮೊದಲೇ ಹಣ ಹಿಂತಿರುಗಿಸಿ ಬಾಂಡ್ ಮುಗಿಸುವ ಹಕ್ಕು, ಅಂದರೆ ಕಾಲ್ ಆಪ್ಷನ್, ಕಂಪನಿಗೆ ಇದ್ದರಂತೂ ಪೂರ್ತಿ ಕೆಡುತ್ತದೆ: ಕಂಪನಿ ಒಂದೇ ವರ್ಷದಲ್ಲಿ ಸಾವಿರ ಹಿಂತಿರುಗಿಸಿದರೆ, 1,080 ಹಾಕಿದ್ದಕ್ಕೆ ಬಡ್ಡಿಯೂ ಸೇರಿ 1,090 ಬಂತು, ಶೇಕಡ ಒಂದೂ ಇಲ್ಲ.