ಬಾಣಂತನ ಮುಗಿದ ಮೇಲೆ ರಾತ್ರಿಯನ್ನು ಹಂಚಿಕೊಳ್ಳುವುದು ಹೇಗೆ?

ಕಾಸರಗೋಡಿನ ಕಡೆ ಚೊಚ್ಚಲ ಹೆರಿಗೆಗೆ ತವರಿಗೆ ಹೋದ ಹೆಣ್ಣುಮಗಳು ಗಂಡನ ಮನೆಗೆ ಮರಳುವಾಗ ಮಗುವಿಗೆ ಸಾಮಾನ್ಯವಾಗಿ ಮೂರು ತಿಂಗಳಾಗಿರುತ್ತದೆ. ಅಷ್ಟು ದಿನ ವಾರಕ್ಕೊಮ್ಮೆ ಬಂದು ಮಗುವನ್ನು ಎತ್ತಿ ಮುದ್ದಿಸಿ ಹೋಗುತ್ತಿದ್ದ ಗಂಡನಿಗೆ ರಾತ್ರಿಯ ಮಗು ಹೇಗಿರುತ್ತದೆಂಬ ಅರಿವೇ ಇರುವುದಿಲ್ಲ. ತವರಿನಲ್ಲಿ ತಾಯಿ, ಅಕ್ಕ, ಮೀಯಿಸಲು ಬರುವ ಹೆಂಗಸು ಹೀಗೆ ನಾಲ್ಕು ಕೈಗಳ ನಡುವೆ ಇದ್ದವಳಿಗೆ ಇಲ್ಲಿ ಎಲ್ಲವೂ ತನ್ನೊಬ್ಬಳ ಮೇಲೆಯೇ ಬಿದ್ದಂತಾಗುತ್ತದೆ. ದಂಪತಿಗಳ ನಡುವೆ ಮುನಿಸು ಹುಟ್ಟುವುದು ಹೆಚ್ಚಾಗಿ ಈ ಹಂತದಲ್ಲಿ. ಪ್ರೀತಿ ಕಡಿಮೆಯಾಯಿತೇ ಎಂದು ಹುಡುಕುವ ಮೊದಲು ಇಬ್ಬರೂ ಎಷ್ಟು ಹೊತ್ತು ಎಡೆಬಿಡದೆ ಮಲಗಿದ್ದಾರೆಂದು ಲೆಕ್ಕ ಹಾಕುವುದು ಒಳ್ಳೆಯದು.

ಇಲ್ಲಿ ಒಟ್ಟು ನಿದ್ದೆಗಿಂತ ಎಡೆಬಿಡದ ನಿದ್ದೆಗೆ ಹೆಚ್ಚು ಬೆಲೆಯಿದೆ. ವಯಸ್ಕರ ನಿದ್ದೆಯ ಒಂದು ಸುತ್ತು ಸುಮಾರು 90 ನಿಮಿಷದ್ದು. ಗಾಢ ನಿದ್ದೆಯ ಹೆಚ್ಚಿನ ಪಾಲು ಮಲಗಿದ ಮೊದಲ ಕೆಲವು ಗಂಟೆಗಳಲ್ಲಿ ಬರುತ್ತದೆ. ಎರಡೆರಡು ಗಂಟೆಗೊಮ್ಮೆ ಎದ್ದವರು ಒಟ್ಟು ಏಳು ಗಂಟೆ ಮಲಗಿದ್ದರೂ ಬೆಳಿಗ್ಗೆ ದಣಿದೇ ಏಳುತ್ತಾರೆ, ಸಣ್ಣ ಮಾತಿಗೂ ಸಿಡುಕುತ್ತಾರೆ. ಇಬ್ಬರೂ ಸೇರಿ ಇಡೀ ರಾತ್ರಿ ಅರೆಬರೆ ಎಚ್ಚರದಿಂದಿರುವ ಬದಲು ಒಬ್ಬರು ಪೂರ್ತಿ ಮಲಗಿ ಇನ್ನೊಬ್ಬರು ಪೂರ್ತಿ ಎಚ್ಚರವಾಗಿರುವ ಪಾಳಿ ಮೇಲೆನ್ನುವುದು ಇದಕ್ಕಾಗಿ.

ಬದಿಯಡ್ಕದ ಸಮೀಪದ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಗಂಡ ಮಂಗಳೂರಿನಲ್ಲಿ ಕೆಲಸಕ್ಕಿದ್ದು ಬೆಳಿಗ್ಗೆ ಏಳೂವರೆಗೆ ಮನೆ ಬಿಡುತ್ತಾನೆ, ಮನೆಯಲ್ಲಿ ಅತ್ತೆ ಇದ್ದಾರೆ, ಮೂರು ತಿಂಗಳ ಮಗು ಮೂರು ಗಂಟೆಗೊಮ್ಮೆ ಹಾಲು ಕುಡಿಯುತ್ತದೆ. ತಾಯಿ ರಾತ್ರಿ ಎಂಟೂವರೆಗೆ ಹಾಲು ಕೊಟ್ಟು, ಎಂಟೂ ಮುಕ್ಕಾಲಕ್ಕೆ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗುತ್ತಾಳೆ. ತೊಟ್ಟಿಲು ಚಾವಡಿಯಲ್ಲಿ ಗಂಡನ ಬಳಿ ಇರುತ್ತದೆ. ಹನ್ನೊಂದೂವರೆಯ ಹಾಲನ್ನು ಅವನೇ ಕೊಟ್ಟು, ತೇಗಿಸಿ, ಬಟ್ಟೆ ಬದಲಿಸಿ, ಹನ್ನೆರಡೂ ಕಾಲಕ್ಕೆ ತೊಟ್ಟಿಲನ್ನು ಒಳಗಿಟ್ಟು ಬೇರೆ ಕೋಣೆಯಲ್ಲಿ ಮಲಗುತ್ತಾನೆ. ತಾಯಿ ಏಳುವುದು ಎರಡೂವರೆಯ ಹಾಲಿಗೆ. ಹೀಗೆ ಅವಳಿಗೆ ಐದೂ ಮುಕ್ಕಾಲು ಗಂಟೆ, ಬೆಳಿಗ್ಗೆ ಆರಕ್ಕೆ ಏಳುವ ಅವನಿಗೂ ಐದೂ ಮುಕ್ಕಾಲು ಗಂಟೆ ಎಡೆಬಿಡದ ನಿದ್ದೆ ಸಿಗುತ್ತದೆ. ಎದೆಹಾಲಿನ ಕ್ರಮ ಸರಿಯಾಗಿ ಕೂಡಿಬಂದ ಮೇಲಷ್ಟೇ, ಅಂದರೆ ಮೊದಲ ನಾಲ್ಕರಿಂದ ಆರು ವಾರಗಳು ಕಳೆದ ಬಳಿಕ, ಇದನ್ನು ಆರಂಭಿಸಬೇಕು.

ಹನ್ನೊಂದೂವರೆಯ ಹಾಲು ಬೆಳಗ್ಗಿನದು. ಬೆಳಗಿನ ಹೊತ್ತು ಎದೆ ತುಂಬಿರುವುದರಿಂದ, ಮಗು ಕುಡಿದಾದ ಅರ್ಧ ಗಂಟೆಯ ಮೇಲೆ ಕೈಯಿಂದಲೋ ಪಂಪಿನಿಂದಲೋ ಹಿಂಡಿ, ಕುದಿಸಿ ಆರಿಸಿದ ಮುಚ್ಚಳದ ಪಾತ್ರೆಯಲ್ಲಿ ಕೂಡಲೇ ಫ್ರಿಜ್ಜಿನ ಒಳಭಾಗದಲ್ಲಿಡಬೇಕು. ಅಲ್ಲಿ ಅದು ನಾಲ್ಕು ದಿನ ಕೆಡದೆ ಇರುತ್ತದೆ. ಹೊರಗೆ ನಾಲ್ಕು ಗಂಟೆ ಇಡಬಹುದೆಂಬ ಮಾತು 25 ಡಿಗ್ರಿಯ ಒಳಗಿನ ತಂಪಿಗೆ ಹೇಳಿದ್ದು. ನಮ್ಮ ಕರಾವಳಿಯ ಸೆಕೆಗೆ ಅದನ್ನು ನಂಬಬಾರದು. ಕೊಡುವಾಗ ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಬೇಕು, ಒಲೆಯ ಮೇಲಿಟ್ಟು ಕಾಯಿಸಬಾರದು. ಒಳಲೆಯಿಂದಲೋ ಚಮಚದಿಂದಲೋ ಕುಡಿಸಿ, ಉಳಿದದ್ದನ್ನು ಚೆಲ್ಲಬೇಕು. ಮೊದಲ ಕೆಲವು ರಾತ್ರಿ ತಾಯಿಗೆ ಎದೆ ಬಿಗಿದು ಎಚ್ಚರವಾದರೆ, ನೋವು ಇಳಿಯುವಷ್ಟು ಮಾತ್ರ ಹಿಂಡಿ ಮತ್ತೆ ಮಲಗಬಹುದು. ಎದೆ ಕೆಂಪಾಗಿ ಜ್ವರ ಬಂದರೆ ವೈದ್ಯರಿಗೆ ತೋರಿಸಬೇಕು.

ಹಾಲು ಹಿಂಡುವುದು ಒಗ್ಗದ ಮನೆಗಳಲ್ಲಿ, ಹಾಲೂಡುವುದೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಗಂಡ ಮಾಡಬೇಕು. ಮಗುವನ್ನು ಎತ್ತಿ ತಂದುಕೊಡುವುದು, ತೇಗಿಸುವುದು, ಬಟ್ಟೆ ಬದಲಿಸುವುದು, ಮಲಗಿಸುವುದು ಅವನದಾದರೆ ತಾಯಿಯ ಎಚ್ಚರದ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಎರಡು ಕ್ರಮಗಳಲ್ಲೂ ಒಂದು ಎಚ್ಚರಿಕೆ ಅಗತ್ಯ: ತೂಕಡಿಕೆ ಬರುವಾಗ ಮಗುವನ್ನು ಎದೆಯ ಮೇಲಿಟ್ಟುಕೊಂಡು ಸೋಫಾದಲ್ಲೋ ಆರಾಮ ಕುರ್ಚಿಯಲ್ಲೋ ಒರಗಬಾರದು, ಮಗುವಿನ ಉಸಿರು ಕಟ್ಟುವ ಅಪಾಯವಿದೆ. ಮಗು ಮಲಗಬೇಕಾದದ್ದು ಅಂಗಾತವಾಗಿ, ಸಮತಟ್ಟಾದ ಗಟ್ಟಿ ಹಾಸಿಗೆಯಲ್ಲಿ.

ಈ ಏರ್ಪಾಡು ಮುರಿದುಬೀಳುವುದು ಹೆಚ್ಚಾಗಿ ಎರಡು ಕಡೆ. ಅತ್ತೆಯೇ ಬಾಣಂತಿಯ ಜೊತೆ ಮಲಗಿ ಮಗನನ್ನು ಮಹಡಿಗೆ ಕಳುಹಿಸುವ ರೂಢಿ ಮೊದಲನೆಯದು. ಇದನ್ನು ಸೊಸೆ ಹೇಳಿದರೆ ದೂರಾಗುತ್ತದೆ, ಮಗ ಹೇಳಿದರೆ ಮಾತಾಗುತ್ತದೆ. “ಅಮ್ಮ, ರಾತ್ರಿ ಹನ್ನೊಂದೂವರೆಯ ಹಾಲನ್ನು ನಾನೇ ಕೊಡುತ್ತೇನೆ. ಬೆಳಿಗ್ಗೆ ಆರೂವರೆಗೆ ಮಗುವಿಗೆ ಎಣ್ಣೆ ತಿಕ್ಕಿ ಮೀಯಿಸುವುದಕ್ಕೆ ನೀನೇ ಆಗಬೇಕು” ಎಂದರೆ ಹಿರಿಯರ ಕೈಯಿಂದ ಏನನ್ನೂ ಕಿತ್ತುಕೊಂಡಂತೆ ಆಗುವುದಿಲ್ಲ. ಎರಡನೆಯದು ಹೆಂಡತಿಯ ಕಡೆಯಿಂದ ಬರುವುದು. ಗಂಡ ಬಟ್ಟೆ ಕಟ್ಟಿದ್ದು ಸಡಿಲವಾಯಿತೆಂದು, ಮಗು ಎರಡು ನಿಮಿಷ ಅತ್ತಿತೆಂದು ಅವಳು ಎದ್ದು ಬಂದರೆ, ಒಂದೇ ವಾರದಲ್ಲಿ ಅವನು “ನಿನಗೇ ಗೊತ್ತಲ್ಲ, ನೀನೇ ಮಾಡು” ಎಂದು ಕೈಬಿಡುತ್ತಾನೆ. ಮಗುವಿಗೆ ಅಪಾಯವಿಲ್ಲದ ವಿಷಯದಲ್ಲಿ ಪಾಳಿಯಲ್ಲಿರುವವರ ಕ್ರಮವೇ ಕ್ರಮ ಎಂದು ಮೊದಲೇ ಒಪ್ಪಿಕೊಳ್ಳಬೇಕು. ಹಾಗೆಯೇ ಮಗು ಎಷ್ಟಕ್ಕೆ, ಎಷ್ಟು ಕುಡಿಯಿತೆಂದು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟರೆ ನಡುರಾತ್ರಿ ಎಬ್ಬಿಸಿ ಕೇಳುವ ಪ್ರಸಂಗ ಬರುವುದಿಲ್ಲ. ಎರಡೂವರೆ ಗಂಟೆಗೆ ಆಡಿದ ಮಾತಿಗೆ ಹಗಲಿನಲ್ಲಿ ಲೆಕ್ಕವಿಲ್ಲ ಎಂಬ ಒಪ್ಪಂದವೂ ಇರಲಿ.

ಪಾಳಿಯಿಂದ ಆಗುವ ನಷ್ಟವನ್ನು ಮರೆಮಾಚಬಾರದು: ನಿದ್ದೆ ಸಿಕ್ಕರೂ ಗಂಡ ಹೆಂಡತಿ ಒಂದೇ ಹೊತ್ತಿಗೆ ಎಚ್ಚರವಾಗಿರುವುದು ಕಡಿಮೆಯಾಗುತ್ತದೆ, ಒಟ್ಟಿಗೆ ಮಲಗುವುದು ತಪ್ಪಿಯೇ ಹೋಗುತ್ತದೆ. ಅತ್ತೆ ಮಗುವನ್ನು ಮೀಯಿಸುವ ಬೆಳಗಿನ ಅರ್ಧ ಗಂಟೆಯನ್ನು ಕಾಯ್ದಿರಿಸುವುದು ಅದಕ್ಕಾಗಿ. ಜಗಲಿಯಲ್ಲಿ ಕಾಫಿ ಹಿಡಿದು ಇಬ್ಬರೂ ಕುಳಿತಾಗ ಲಸಿಕೆ, ಮಲ, ತೂಕ ಇವುಗಳ ಮಾತು ಬೇಡ. ರೈಲಿನಲ್ಲಿ ಕಂಡದ್ದು, ತೋಟದ ಕೊಳೆರೋಗ, ತವರಿನ ಸುದ್ದಿ ಯಾವುದೂ ಆದೀತು. ದೂರು ಇದ್ದರೆ ಹೇಳಲೂ ಇದೇ ಹೊತ್ತು ಸೂಕ್ತ, ಆದರೆ “ನೀವು ಯಾವತ್ತೂ ಹೀಗೆಯೇ” ಎಂದು ತೊಡಗಿದ ಮಾತು ಜಗಳದಲ್ಲಿಯೇ ಮುಗಿಯುತ್ತದೆ. “ನಿನ್ನೆ ನೀವು ಬರುವುದು ತಡವಾದಾಗ ನನಗೆ ಊಟವೂ ಆಗಲಿಲ್ಲ” ಎಂದರೆ ಉತ್ತರ ಕೊಡಲು ಅವನಿಗೆ ದಾರಿಯಿರುತ್ತದೆ.

ದೇಹದ ಸಾಮೀಪ್ಯದ ವಿಷಯದಲ್ಲಿ, ಆರು ವಾರವೆಂಬುದು ಗಾಯ ಮಾಯಲು ಸಾಮಾನ್ಯವಾಗಿ ಹೇಳುವ ಅವಧಿಯೇ ಹೊರತು ಗಡುವಲ್ಲ. ಹಾಲೂಡುವ ಕಾಲದಲ್ಲಿ ಈಸ್ಟ್ರೋಜೆನ್ ಹಾರ್ಮೋನು ಕಡಿಮೆಯಿರುವುದರಿಂದ ಯೋನಿ ಒಣಗಿ ನೋವಾಗುವುದುಂಟು, ಆಸಕ್ತಿಯೂ ತಗ್ಗಿರುತ್ತದೆ. ಗಂಡ ಇದನ್ನು ತಿರಸ್ಕಾರವೆಂದು ತಿಳಿಯುವುದು ದೊಡ್ಡ ತಪ್ಪು. ದಿನವಿಡೀ ಮಗುವನ್ನು ಮೈಗೆ ಅಂಟಿಸಿಕೊಂಡಿದ್ದವಳಿಗೆ ಸಂಜೆ ಇನ್ನೊಂದು ಕೈ ತಾಗುವುದೇ ಬೇಡವೆನಿಸಬಹುದು. ಮುಂದೇನನ್ನೂ ಬಯಸದೆ ಕಾಲು ಒತ್ತುವುದರಿಂದ, ಭುಜಕ್ಕೆ ಎಣ್ಣೆ ತಿಕ್ಕುವುದರಿಂದ ಮೊದಲುಗೊಂಡರೆ ಸಾಕು. ಔಷಧದಂಗಡಿಯಲ್ಲಿ ಸಿಗುವ ನೀರಿನಂಶದ ಜೆಲ್ ಒಣಗುವಿಕೆಗೆ ಉಪಯುಕ್ತ. ನೋವು ಮುಂದುವರಿದರೆ ಸ್ತ್ರೀರೋಗ ತಜ್ಞರಿಗೆ ತೋರಿಸಬೇಕು. ಮುಟ್ಟು ಮರಳುವ ಮೊದಲೇ ಗರ್ಭ ನಿಲ್ಲಬಹುದಾದ್ದರಿಂದ ಗರ್ಭನಿರೋಧಕದ ಮಾತನ್ನು ಮುಂಚಿತವಾಗಿಯೇ ಆಡಿ ಮುಗಿಸುವುದು ಕ್ಷೇಮ.

ಪಾಳಿ ಆರಂಭಿಸಿ ಹತ್ತು ದಿನಗಳಾದ ಮೇಲೆ ಒಂದು ಸಂಗತಿಯನ್ನು ಗಮನಿಸಬೇಕು. ಮಗು ಚಾವಡಿಯಲ್ಲಿ ಗಂಡನ ಬಳಿ ನೆಮ್ಮದಿಯಾಗಿ ಮಲಗಿದ್ದರೂ ಒಳಕೋಣೆಯಲ್ಲಿ ಅವಳಿಗೆ ನಿದ್ದೆ ಹತ್ತದಿದ್ದರೆ, ಅದಕ್ಕೆ ಕಾರಣ ಮಗುವಿನ ಅಳುವಲ್ಲ. ಅದರೊಂದಿಗೆ ಎರಡು ವಾರ ಮೀರಿದ ಅಳು, ಯಾವುದರಲ್ಲೂ ಮನಸ್ಸಿಲ್ಲದಿರುವುದು, ತಾನು ಇರಬಾರದಿತ್ತು ಎಂಬ ಮಾತು ಕಂಡುಬಂದರೆ ಪ್ರಸವಾನಂತರದ ಖಿನ್ನತೆಯಿರಬಹುದು. ಪಾಳಿ ಬದಲಿಸಿ ಅದು ವಾಸಿಯಾಗುವುದಿಲ್ಲ. ಗಂಡಸರಿಗೂ ಈ ಅವಧಿಯಲ್ಲಿ ಖಿನ್ನತೆ ಬರುವುದುಂಟು, ಅವರಲ್ಲಿ ಅದು ಸಿಡುಕಾಗಿ ಕಾಣಿಸಿಕೊಳ್ಳಬಹುದು. ಟೆಲಿ ಮಾನಸ್ ಸಹಾಯವಾಣಿ 14416, ಕೇರಳದ ದಿಶಾ ಸಹಾಯವಾಣಿ 1056 ಇವುಗಳಿಗೆ ಹಗಲು ರಾತ್ರಿಯೆನ್ನದೆ ಕರೆ ಮಾಡಬಹುದು. ಬದುಕು ಬೇಡವೆಂಬ ಮಾತು ಬಂದರೆ ಅವಳನ್ನು ಒಬ್ಬಳನ್ನೇ ಬಿಡದೆ ಅಂದೇ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಮಗು ರಾತ್ರಿ ಒಂದೇ ಬಾರಿ ಏಳತೊಡಗಿ ಅದು ಎರಡು ವಾರ ಹಾಗೆಯೇ ಮುಂದುವರಿದರೆ ಪಾಳಿಯನ್ನು ನಿಲ್ಲಿಸಿ ತೊಟ್ಟಿಲನ್ನೂ ಗಂಡನ ಚಾಪೆಯನ್ನೂ ಒಳಕೋಣೆಗೆ ತರಬಹುದು. ಹಲ್ಲು ಬರುವ ದಿನಗಳಲ್ಲಿ ಮತ್ತೆ ಬೇಕಾದೀತು, ನೋಟುಪುಸ್ತಕವನ್ನು ಎಸೆಯಬೇಡಿ.